ನರ್ಸರಿ ಮಕ್ಕಳ ತಾಳಕ್ಕ ಬಾಟ್ಲಿನೋ ಪರಟಿನೋ? ಎರಡೂ ಮಾಡಿ ನೋಡೀನಿ

ಮೊದ್ಲ ಹೇಳಿಬಿಡ್ತೀನಿ, ನನ್ನ ಓಟು ತೆಂಗಿನ ಪರಟಿಗೆ. ಕೊಪ್ಪಳದಾಗ ನಂದು ನರ್ಸರಿ ಕ್ಲಾಸು, 22 ಮಕ್ಳು, ಎಲ್ಲಾ ಮೂರೂವರೆ-ನಾಕು ವರ್ಷದವು. ಜೂನ್‌ನ್ಯಾಗ 640 ರೂಪಾಯಿ ಕೊಟ್ಟು ಪ್ಲಾಸ್ಟಿಕ್ ವಾದ್ಯದ ಸೆಟ್ ತಂದಿದ್ದೆ. ಅದ್ರಾಗ ಇದ್ದಿದ್ದು ಐದ ಸಾಮಾನು, ತಾಳ ಶುರು ಆಗೂಕಿಂತ ಮೊದ್ಲ ಕಿತ್ತಾಟ ಶುರು ಆತು, ಎರಡ ದಿನಕ್ಕ ಎರಡು ಮುರದ್ವು. ಆಮ್ಯಾಲ ಮನ್ಯಾಗ ಮಾಡೂಣು ಅಂತ ಕುಂತೆ.

ಪಾಠ ಏನಂದ್ರ ಇಷ್ಟರಿ: ರೊಟ್-ಟಿ, ಪಲ್-ಯ, ಮಂ-ಡಕ್-ಕಿ, ಸುಮ್ನ. ಏಳು ಏಟು, ಎಂಟನೇದು ಖಾಲಿ. ಮೊದ್ಲ ಮೂರು ದಿನ ಬರೇ ಚಪ್ಪಾಳಿ, ಬಾಯಾಗ ಹೇಳ್ಕೊಂತ ಹೊಡೀಬೇಕು, ಖಾಲಿ ಬಂದಾಗ ಎರಡೂ ಕೈ ಅಗಲ ಮಾಡಿ ಗಾಳ್ಯಾಗ ಹಿಡೀಬೇಕು. ಆ ಖಾಲಿ ಏಟ ನಮಗ ಪರೀಕ್ಷಾ, ಯಾಕಂದ್ರ ಅಲ್ಲಿ ನಿಂತ ಕೂಸು ತಾಳ ಕೇಳಾಕತ್ತೈತಿ, ನಿಲ್ಲದ ಕೂಸು ಬರೇ ಕೈ ಬಡ್ಯಾಕತ್ತೈತಿ.

ಬಾಟ್ಲಿ ಮಾಡೂದು ಭಾಳ ಸಲೀಸು. ಸಣ್ಣ ನೀರಿನ ಬಾಟ್ಲಿ, ಒಳಗ ಒಂದ ಹಿಡಿ ಜೋಳ, ಮುಚ್ಚಳಕ್ಕ ಗಮ್ ಹಚ್ಚಿ ಮ್ಯಾಲ ಟೇಪು ಸುತ್ತಿದ್ರ ಆತು. ಒಂದ ಮಧ್ಯಾಹ್ನದಾಗ 22 ರೆಡಿ. ಆದ್ರ ಮರುದಿನ ಕ್ಲಾಸಿನ್ಯಾಗ ತಾಳಾನ ಇಲ್ಲ! ಮಕ್ಳು ಸರಿ ಅಲ್ಲಾಡಸ್ತಾವ, ಬಾಯಾಗೂ ಸರಿ ಹೇಳ್ತಾವ, ಕೇಳೂದು ಮಾತ್ರ ಸರ್ರ್ ಅಂತ ಒಂದ ಸಮ ಮಳಿ ಸಪ್ಪಳ. ನಾಕು ದಿನ ಮಕ್ಳ ತಪ್ಪು ಅನ್ಕೊಂಡು ಮತ್ತ ಮತ್ತ ಹೇಳ್ಕೊಟ್ಟೆ, ಆಮ್ಯಾಲ ಒಂದ ದಿನ ಮನ್ಯಾಗ ಒಂದ ಬಾಟ್ಲಿ ಹಿಡ್ಕೊಂಡು ನಿಧಾನಕ್ಕ ಅಲ್ಲಾಡಿಸಿ ನೋಡಿದಾಗ ಗೊತ್ತಾತು. ಕೈ ಮುಂದ ಹೋದಾಗ ಕಾಳು ಜಾರಿ ಆ ಕಡೆ ಬಡೀತೈತಿ, ಕೈ ಹಿಂದ ಬಂದಾಗ ಈ ಕಡೆ ಬಡೀತೈತಿ. ಕೂಸಿನ ಕೈಲಿ ಒಂದ ಏಟು, ಕಿವಿಗೆ ಎರಡು. ಅದೂ ಕಾಳು ಜಾರಿ ಹೋಗಿ ಬಡಿಯೂತನ ಸಪ್ಪಳ ತಡ ಆಕ್ಕೈತಿ, ಬಾಟ್ಲಿ ಉದ್ದ ಇದ್ದಷ್ಟೂ ಜಾಸ್ತಿ ತಡ. ಖಾಲಿ ಏಟಿನ್ಯಾಗ ಕೈ ನಿಂತ್ರೂ ಒಳಗ ಕಾಳು ಉರುಳ್ತಿರ್ತೈತಿ, ಹಂಗಾಗಿ ನಿಂತ ಕೂಸಿಗೆ ತಾ ನಿಂತೀನಿ ಅಂತನ ಕೇಳಂಗಿಲ್ಲ.

ಇದಕ್ಕ ಒಂದು ಮದ್ದು ಐತಿ. ಜೋಳ ಒಂದ ಚಮಚಕ್ಕ ಇಳಸ್ರಿ, ಅಲ್ಲಾಡಸೂದು ಬಿಡಿಸಿ ಬಾಟ್ಲಿ ತಳಾನ ಇನ್ನೊಂದ ಅಂಗೈ ಮ್ಯಾಲ ಬಡಿಯೂದು ಕಲಸ್ರಿ, ಚಪ್ಪಾಳಿ ಹೊಡದಂಗನ. ಆವಾಗ ಏಟು ಸ್ವಚ್ಛ ಕೇಳ್ತೈತಿ. ನಿಮ್ಮದು ಹೆಂಗೈತಿ ಅಂತ ನೋಡ್ಬೇಕಂದ್ರ ಮಕ್ಳಿಗೆ ಬೆನ್ನು ಮಾಡಿ ನಿಂದ್ರಿ, ಕಿವಿಲೆ ಏಳು ಎಣಸಾಕ ಬಂದ್ರ ಸರಿ, ಬರ್ಲಿಲ್ಲಂದ್ರ ಕಾಳು ಜಾಸ್ತಿ ಐತಿ ಇಲ್ಲಾ ಮಕ್ಳು ಮತ್ತ ಅಲ್ಲಾಡಸಾಕತ್ಯಾವ. ನಮ್ಮಲ್ಲಿ ಹತ್ತು ನಿಮಿಷಕ್ಕ ಎಲ್ಲಾರೂ ಮತ್ತ ಅಲ್ಲಾಡಸಾಕ ಹತ್ತತಿದ್ರು. ಮ್ಯಾಲ ಒಂದ ದಿನ ಟೇಪು ಬಿಚ್ಚಿ ಕಾಳು ಚೆಲ್ಲಿ, ಒಂದ ಕೂಸು ಕಾಳನ್ನ ಮೂಗಿನ ಹತ್ರ ಒಯ್ದಿತ್ತು, ನನ್ನ ಎದಿ ಒಡದಂಗಾತು. ಅವತ್ತ ಬಾಟ್ಲಿ ಕಪಾಟಿಗೆ ಹೋದ್ವು.

ಪರಟಿಗೆ ಕೆಲಸ ಜಾಸ್ತಿ ಐತಿ, ಸುಳ್ಳು ಹೇಳಂಗಿಲ್ಲ. ಎರಡ ವಾರ ಪಾಲಕರ ಮನಿಯಿಂದ ಕೂಡಿಸಿದ್ದು 44 ಹೋಳು, ಒಂದ ಕೂಸಿಗೆ ಎರಡು, ಒಂದಕ್ಕೊಂದು ಬಡಿಯಾಕ. ಮೂರು ದಿನ ಬಿಸಲಾಗ ಒಣಗಿಸಿದ್ರ ಉಳದ ಕೊಬ್ರಿ ತಾನ ಬಿಡ್ತೈತಿ, ಇಲ್ಲಂದ್ರ ಇರುವಿ ಮುಕರ್ತಾವ. ನಾರು ಕೆರದು, ಅಂಚನ್ನ ಕಲ್ಲಿನ ಮ್ಯಾಲ ತಿಕ್ಕಿ, ಆಮ್ಯಾಲ ಸ್ಯಾಂಡ್ ಪೇಪರ್ ಹೊಡೀಬೇಕು, ನಿಮ್ಮ ಬೆರಳು ಅಂಚಿನ ಮ್ಯಾಲ ಆಡಿಸಿದಾಗ ಎಲ್ಲೂ ತಡೀಬಾರದು. ಸಣ್ಣ ಕಾಯಿವು ಬೇಕು, ದೊಡ್ಡ ಹೋಳು ಆ ಸಣ್ಣ ಕೈಗೆ ಹಿಡ್ಯಾಕ ಬರಂಗಿಲ್ಲ. ಬೆರಳು ಅಂಚಿನ ಒಳಗ ಹಾಕಿದ್ರ ಚಿವುಟ್ಕೋತಾವ, ಅದಕ್ಕ ಬೆನ್ನಿನ ಕಡೆ ಲಡ್ಡು ಹಿಡದಂಗ ಹಿಡ್ಸಬೇಕು.

ಇಷ್ಟ ಆದಮ್ಯಾಲ ಟಕ್ ಅಂದ್ರ ಟಕ್. ಒಂದ ಏಟಿಗೆ ಒಂದ ಸಪ್ಪಳ, ನಿಲ್ಲಿಸಿದ ಕೂಡ್ಲೆ ಸಪ್ಪಳಾನೂ ನಿಲ್ತೈತಿ. ಮಕ್ಳಿಗೆ ಹೊಸದಾಗಿ ಏನೂ ಹೇಳ್ಕೊಡೂದು ಬೇಕಾಗ್ಲಿಲ್ಲ, ಯಾಕಂದ್ರ ಚಪ್ಪಾಳಿ ಹೊಡಿಯೂ ಕೈನ ಇದು, ನಡಕ ಪರಟಿ ಬಂದೈತಿ ಅಷ್ಟ.

ಹಾಲಿನ ಪುಡಿ ಡಬ್ಬಿ ಡೋಲೂ ನೋಡೀನಿ, ಐದ ಡಬ್ಬಿಗೆ ಪಕ್ಕದ ಕ್ಲಾಸಿನ ಟೀಚರು ಬಂದು ಬಾಗಲಾ ಬಡದ್ರು.

ಒಂದು ಮಾತು ಯಾವುದಕ್ಕಾದ್ರೂ ಹೊಂದ್ತೈತಿ. ಸಣ್ಣ ಮಕ್ಳ ಸಹಜ ವೇಗ ನಮಗಿಂತ ಜೋರು ಇರ್ತೈತಿ. ನಾ ಮೊದ್ಲ ನಿಧಾನಕ್ಕ ಹೊಡದ್ರ ಅವಕ್ಕ ಸುಲಭ ಆಕ್ಕೈತಿ ಅನ್ಕೊಂಡಿದ್ದೆ, ನಡುವಿನ ಜಾಗಾದಾಗ ಎಲ್ಲಾರೂ ಇನ್ನೊಂದ ಏಟು ತುಂಬಾಕತ್ತಿದ್ರು. ಅವರ ವೇಗಕ್ಕ ನಾ ಹೋದಮ್ಯಾಲ ಕೂಡಿ ಬಂತು.

ಬಾಟ್ಲಿ ಒಗದಿಲ್ರಿ, ಕತಿ ಹೇಳಾಗ ಮಳಿ ಬಂತು ಅಂತ ನಾನ ಅಲ್ಲಾಡಸ್ತೀನಿ. ಬಿಸಲಿರೂ ಊರು, ತೆಂಗಿನಕಾಯಿ ಒಡಿಯೂ ಮನಿಗಳು, ಮತ್ತ ಸ್ಯಾಂಡ್ ಪೇಪರಿಗೆ 60 ರೂಪಾಯಿ, ನನಗಂತೂ ಪರಟಿನ ಸರಿ. ಮೊನ್ನೆ ಶುಕ್ರವಾರ ಮಂ-ಡಕ್-ಕಿ ಆದ ಕೂಡ್ಲೆ 44 ಹೋಳು ಗಾಳ್ಯಾಗ ನಿಂತ್ವು, ಫ್ಯಾನಿನ ಸಪ್ಪಳ ಕೇಳಿಸ್ತು.