ತನ್ನದೇ ಮಾತಾಡುವ ಗೆಳತಿ: ಕಷ್ಟ ಬರುವ ಮೊದಲೇ ಗಮನಿಸಿ

ಬಳ್ಳಾರಿಯಲ್ಲಿ ನನಗೊಬ್ಬ ಹಳೇ ಗೆಳತಿ ಇದ್ದಾಳೆ. ರಾಯಲ್ ಸರ್ಕಲ್ ಹತ್ತಿರ ಸೇರಿ ಒಗ್ಗರಣೆ ಮಂಡಕ್ಕಿ, ಮಿರ್ಚಿ ತಿನ್ನುತ್ತಿದ್ದೆವು. ಅವಳ ಅತ್ತೆ, ಅವಳ ಸೈಟು, ಅವಳ ಮಗನ ಟ್ಯೂಷನ್, ಇಷ್ಟರಲ್ಲೇ ಸಂಜೆ ಮುಗಿಯುತ್ತಿತ್ತು. ಮಾತುಗಾತಿ, ಇರಲಿ ಅಂತ ನಾನೂ ಖುಷಿಯಿಂದಲೇ ಕೇಳುತ್ತಿದ್ದೆ.

ಹೋದ ವರ್ಷ ಅಪ್ಪನಿಗೆ ಎದೆನೋವು ಬಂತು. ಸ್ಟೆಂಟ್ ಹಾಕಬೇಕು ಅಂದರು. ಆಸ್ಪತ್ರೆ ವರಾಂಡದಲ್ಲಿ ನಿಂತು ಅವಳಿಗೆ ಫೋನ್ ಮಾಡಿದೆ. "ಭಾಳ ಭಯ ಆಗ್ತಿದೆ" ಅಂದೆ.

"ಅಯ್ಯೋ, ನಮ್ಮ ಮಾವಗೂ ಹಂಗೇ ಆಗಿತ್ತು ನೋಡೇ! ಆಗ ನಾನೊಬ್ಬಳೇ ಓಡಾಡಿದ್ದು..."

ಸುಮಾರು ಅರ್ಧ ತಾಸು ಅದೇ ಕಥೆ. ನರ್ಸ್ ಕರೆದರು ಅಂತ ನಾನೇ ಫೋನ್ ಇಟ್ಟೆ. ಮುಂದಿನ ಸಲ ಅವಳೇ ಫೋನ್ ಮಾಡಿದಳು, ಸೈಟಿನ ಖಾತೆ ಆಗಲಿಲ್ಲ ಅಂತ ಹೇಳಲು. ಅಪ್ಪ ಹೇಗಿದ್ದಾರೆ ಅಂತ ಕೇಳಲೇ ಇಲ್ಲ.

"ನಮಗೂ ಹಂಗೇ ಆಗಿತ್ತು" ಅಂತ ಎಲ್ಲರೂ ಹೇಳುತ್ತಾರೆ. ಅದು ತಪ್ಪಲ್ಲ. ಅದಾದ ಮೇಲೆ ಮಾತು ಎತ್ತ ಹೋಗುತ್ತದೆ ಅನ್ನುವುದನ್ನು ನೋಡಿ. "ನಿಮ್ಮಪ್ಪಗೆ ಡಾಕ್ಟರ್ ಏನಂದ್ರು?" ಅಂತ ನಿಮ್ಮ ಕಡೆ ವಾಪಸ್ ಬಂದರೆ ಅದು ಸಮಾಧಾನ ಹೇಳುವ ಮಾತು. ವಾಪಸ್ ಬರದೇ ಹೋದರೆ ಮಾತು ಕೈತಪ್ಪಿತು ಅಂತಲೇ ಅರ್ಥ. ಅಮೆರಿಕದ ಸಮಾಜಶಾಸ್ತ್ರಜ್ಞ ಚಾರ್ಲ್ಸ್ ಡರ್ಬರ್ ಜನರ ಮಾತುಕತೆ ಗಮನಿಸಿ 1979ರಲ್ಲೇ ಈ ವ್ಯತ್ಯಾಸ ತೋರಿಸಿದ್ದರು. ಒಂದೆರಡು ಸಲ ಹೀಗಾದರೆ ಬಿಡಿ. ಮನೆಯಲ್ಲಿ ಸಾವು, ಸಾಲ, ಬಾಣಂತನ ಇದ್ದವರಿಗೆ ಬೇರೆಯವರ ಕಡೆ ಗಮನ ಹೋಗುವುದಿಲ್ಲ. ಅವರ ಸ್ಥಿತಿ ಸುಧಾರಿಸಿದ ಮೇಲೂ ಹಾಗೇ ಇದ್ದರೆ ಮಾತ್ರ ಅದು ಸ್ವಭಾವ.

ಅವಳಾಗಿಯೇ ಕೇಳಲಿ ಅಂತ ಸುಮ್ನೆ ಕಾಯಬೇಡಿ, ಒಳಗೆ ಸಿಟ್ಟು ಜಾಸ್ತಿ ಆಗುತ್ತದೆ ಅಷ್ಟೇ. "ನೀನು ಯಾವಾಗಲೂ ನಿನ್ನದೇ ಹೇಳ್ತೀಯ" ಅಂದರೆ ಜಗಳ ಶುರುವಾಗುತ್ತದೆ. ನಾನು ಅಪ್ಪ ಮನೆಗೆ ಬಂದ ಮೇಲೆ ಅವಳೊಬ್ಬಳೇ ಇದ್ದಾಗ ಹೇಳಿದೆ: "ಇವತ್ತು ನಂದೊಂದು ಮಾತಿದೆ. ಹತ್ತು ನಿಮಿಷ ಕೇಳು. ಉಪಾಯ ಏನೂ ಹೇಳಬೇಡ." ಅವಳಿಗೆ ಬೇಜಾರಾಗಲಿಲ್ಲ, ಕುಳಿತು ಕೇಳಿದಳು. ಅಪ್ಪನ ಮಾತ್ರೆ, ಆಸ್ಪತ್ರೆ ಬಿಲ್ಲು, ರಾತ್ರಿ ನಿದ್ದೆ ಬಾರದ್ದು ಎಲ್ಲ ಹೇಳಿದೆ. ಮಧ್ಯೆ ಮಾವನ ಕಥೆ ಬಂದಾಗ "ತಡಿ, ಇದು ಮುಗಿಸ್ತೀನಿ" ಅಂದೆ. ನಿಲ್ಲಿಸಿದಳು.

ಆದರೆ ಮರುವಾರ ಮತ್ತೆ ಶುರುವಿನಿಂದಲೇ. ಕೇಳಿಕೊಂಡರೆ ಕೇಳುತ್ತಾಳೆ, ತಾನಾಗಿ ವಿಚಾರಿಸುವುದಿಲ್ಲ. ಅಷ್ಟು ತಿಳಿದ ಮೇಲೂ ಅವಳನ್ನು ಬಿಡಲಿಲ್ಲ. ಮಂಡಕ್ಕಿಗೆ ಈಗಲೂ ಹೋಗುತ್ತೇವೆ, ಒಂದು ತಾಸಾದರೆ ನಾನು ಎದ್ದು ಬರುತ್ತೇನೆ. ಮನಸ್ಸು ಕುಸಿದ ದಿನ ಫೋನ್ ಮಾಡುವುದು ಮಾತ್ರ ನಮ್ಮ ಚಿಕ್ಕಮ್ಮನಿಗೆ. ಆಸ್ಪತ್ರೆ ವರಾಂಡದಿಂದ ಯಾರಿಗೆ ಫೋನ್ ಮಾಡಬೇಕು ಅನ್ನುವುದನ್ನು ನೀವು ಈಗಲೇ ಯೋಚಿಸಿಟ್ಟುಕೊಳ್ಳಿ.