ನಾಲ್ಕು ಫೋಟೋ ಒಂದೇ ಪ್ರಿಂಟ್‌ಗೆ: ಕೊಲಾಜ್ ಆ್ಯಪ್, ಇಮೇಜ್‌ಮ್ಯಾಜಿಕ್, ಗಿಂಪ್

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಫೋಟೋ ತಿದ್ದುವ ಸಾಫ್ಟ್‌ವೇರ್ ಆದ ಗಿಂಪ್‌ಗೆ. ಒಂದು ಪ್ರಿಂಟ್ ಹಾಳಾಗಿ ದುಡ್ಡು ಹೋದ ಮೇಲೆ ಬಂದ ಬುದ್ಧಿ ಇದು.

ಅಮ್ಮನ ನಾಲ್ಕು ವಯಸ್ಸಿನ ಫೋಟೋಗಳನ್ನು ಸೇರಿಸಿ ಒಂದೇ ಪ್ರಿಂಟ್ ಮಾಡಿಸಬೇಕಿತ್ತು. ಒಂದು, ಹಳೇ ಕಲರ್ ಪ್ರಿಂಟ್‌ನ ಸ್ಕ್ಯಾನ್, 1050x1500 ಪಿಕ್ಸೆಲ್. ಮೂಲ ಪ್ರಿಂಟ್ ಈಗ ಎಲ್ಲೂ ಇಲ್ಲ, ಹಾಗಾಗಿ ಮತ್ತೆ ಸ್ಕ್ಯಾನ್ ಮಾಡುವ ಮಾತೇ ಇಲ್ಲ. ಎರಡನೆಯದು ಕ್ಯಾಮೆರಾದ್ದು, 6000x4000. ಮೂರನೆಯದು ಫೋನಿನದು, 4000x3000. ನಾಲ್ಕನೆಯದು ಮೆಸೇಜಿನಲ್ಲಿ ಬಂದದ್ದು, ದಾರಿಯಲ್ಲೇ ಸೊರಗಿ 1600x1200 ಆಗಿತ್ತು. ಒಂದು ನಿಂತ ಫೋಟೋ, ಮೂರು ಅಡ್ಡ ಫೋಟೋ. ಒಂದಕ್ಕೊಂದು ಸಂಬಂಧವೇ ಇಲ್ಲ.

ಮೊದಲು ಕೈ ಹಾಕಿದ್ದು ಫೋನಿನ ಕೊಲಾಜ್ ಆ್ಯಪ್‌ಗೆ. ಐದು ನಿಮಿಷದ ಕೆಲಸ. ಅದು ನಾಲ್ಕು ಸಮ ಚೌಕ ಕೊಟ್ಟು, ಪ್ರತಿ ಫೋಟೋದ ನಡುಭಾಗ ಉಳಿಸಿಕೊಂಡು ಉಳಿದದ್ದನ್ನು ಕತ್ತರಿಸಿತು. ಸ್ಕ್ಯಾನ್‌ನಲ್ಲಿ ಅಮ್ಮ ನಿಂತಿದ್ದಾಳೆ. ತಲೆ ಉಳಿಸಿದರೆ ಕಾಲಿಲ್ಲ, ಕಾಲು ಉಳಿಸಿದರೆ ತಲೆಯಿಲ್ಲ. ತಲೆಯನ್ನೇ ಉಳಿಸಿ, ಇರಲಿ ಬಿಡು ಅಂತ ಪ್ರಿಂಟ್‌ಗೆ ಕಳಿಸಿದೆ. ಬಂದದ್ದನ್ನು ಅಕ್ಕ ನೋಡಿದ್ದೇ, "ಇದೇನೋ, ಒಂದರಲ್ಲಿ ಅಮ್ಮನ ಮುಖಕ್ಕೆ ಮರಳು ಎರಚಿದಂಗಿದೆ, ಮಿಕ್ಕಿದ್ದೆಲ್ಲ ಗಾಜು ಒರೆಸಿದಂಗಿದೆ" ಅಂದಳು. ಅವಳು ಹೇಳಿದ್ದು ಸರಿಯಾಗೇ ಇತ್ತು. ಆಮೇಲೆ ನೋಡಿದರೆ ಆ್ಯಪ್ ಕೊಟ್ಟ ಫೈಲ್ ಬರೀ 2048 ಪಿಕ್ಸೆಲ್ ಅಗಲ. ಆ್ಯಪ್ ಬಗ್ಗೆ ಇಷ್ಟು ಸಾಕು.

ಎರಡನೆಯದು ಇಮೇಜ್‌ಮ್ಯಾಜಿಕ್. ಇದರಲ್ಲಿ ಕಿಟಕಿ ಗುಂಡಿ ಏನೂ ಇಲ್ಲ, ಕಮಾಂಡ್ ಬರೆಯಬೇಕು. ಕೊಲಾಜ್ ಮಾಡುವುದಕ್ಕೇ ಅಂತ ಇರುವ montage ಓಡಿಸಿದೆ. ಸೈಜ್ ಹೇಳದಿದ್ದರೆ ಅದು ಎಲ್ಲವನ್ನೂ 120 ಪಿಕ್ಸೆಲ್‌ನ ಅಂಚೆಚೀಟಿ ಮಾಡಿಡುತ್ತದೆ, ಅದು ಗೊತ್ತಿರಲಿಲ್ಲ. ಸ್ವಲ್ಪ ಹೊತ್ತು ತಲೆ ಕೆರೆದುಕೊಂಡು ಅದನ್ನು ಬಿಟ್ಟೆ. ಆದರೆ ಆಕಾರದ ತಲೆನೋವು ಬಗೆಹರಿದದ್ದು ಇದರಿಂದಲೇ. ಅದನ್ನು ಒಪ್ಪಿಕೊಳ್ಳಲೇಬೇಕು.

ನಾನು ಮಾಡುತ್ತಿದ್ದ ತಪ್ಪು ಇದು: ಮೊದಲು ಮನೆ ಗೀಚಿ, ಆಮೇಲೆ ಫೋಟೋಗಳನ್ನು ಅದರೊಳಗೆ ತುರುಕುವುದು. ಚೌಕದ ಮನೆಗೆ ಉದ್ದದ ಫೋಟೋ ಹಾಕಿದರೆ ಕತ್ತರಿಸಬೇಕು, ಇಲ್ಲ ಬದಿಯಲ್ಲಿ ಖಾಲಿ ಪಟ್ಟಿ ಬಿಡಬೇಕು. ಅದರ ಬದಲು ಒಂದು ಸಾಲಿನ ಫೋಟೋಗಳಿಗೆಲ್ಲ ಒಂದೇ ಎತ್ತರ ಕೊಟ್ಟು, ಅಗಲವನ್ನು ಅವುಗಳ ಪಾಡಿಗೆ ಬಿಟ್ಟರೆ ಏನನ್ನೂ ಕತ್ತರಿಸಬೇಕಾಗಿಲ್ಲ.

ಮೇಲಿನ ಸಾಲಿಗೆ 1200 ಎತ್ತರ ಇಟ್ಟೆ. ಸ್ಕ್ಯಾನ್ 840 ಅಗಲ ಆಯಿತು, ಕ್ಯಾಮೆರಾದ್ದು 1800, ಒಟ್ಟು 2640. ಕೆಳಗಿನ ಎರಡೂ 4:3 ಆಕಾರದವು. ಅವೂ ಸೇರಿ 2640 ಆಗಬೇಕಾದರೆ ಒಂದೊಂದೂ 1320 ಅಗಲ, ಅಂದರೆ ಎತ್ತರ 990. ಹೀಗೆ ಇಡೀ ಚಿತ್ರ 2640x2190. ಅದನ್ನು 12x10 ಇಂಚಿನ ಹಾಳೆಗೆ ಹಾಕಿದರೆ ಇಂಚಿಗೆ 220 ಪಿಕ್ಸೆಲ್, ಹೆಚ್ಚುಕಮ್ಮಿ ಪೂರ್ತಿ ಹಾಳೆ ತುಂಬುತ್ತದೆ.

```
magick \( scan.jpg camera.jpg -auto-orient -resize x1200 +append \) \
       \( phone.jpg msg.jpg -auto-orient -resize x990 +append \) \
       -append out.png
```

ಇಲ್ಲಿ `+append` ಅಕ್ಕಪಕ್ಕ ಜೋಡಿಸುತ್ತದೆ, `-append` ಮೇಲೆ ಕೆಳಗೆ. `-auto-orient` ಇಲ್ಲದಿದ್ದರೆ ಫೋನಿನ ಫೋಟೋ ಮಲಗಿಕೊಂಡು ಬರಬಹುದು.

ಒಂದು ವಿಷಯ ಗಮನಿಸಿ. ಈ ಲೆಕ್ಕದಲ್ಲಿ ಯಾವ ಫೋಟೋವನ್ನೂ ಎಳೆದು ದೊಡ್ಡದು ಮಾಡಿಲ್ಲ. ಸ್ಕ್ಯಾನ್ 1500ರಿಂದ 1200ಕ್ಕೆ, ಮೆಸೇಜಿನದು 1200ರಿಂದ 990ಕ್ಕೆ, ಎಲ್ಲವೂ ಇಳಿದಿವೆ. ನಾನು ಮೊದಲು ಹಟ ಹಿಡಿದಿದ್ದು ಇಂಚಿಗೆ 300 ಬೇಕೇ ಬೇಕು ಅಂತ. ಹಾಗೆ ಮಾಡಿದ್ದರೆ ಅದೇ 12 ಇಂಚಿಗೆ 3600 ಪಿಕ್ಸೆಲ್ ಅಗಲ ಬೇಕಾಗುತ್ತಿತ್ತು. ಸ್ಕ್ಯಾನ್ ಮತ್ತು ಮೆಸೇಜಿನ ಫೋಟೋ ಎರಡನ್ನೂ ಹಿಗ್ಗಿಸಬೇಕಾಗುತ್ತಿತ್ತು, ಹಿಗ್ಗಿಸಿದರೆ ಅಕ್ಕ ಮರಳು ಅಂದ ಆ ತರಿತರಿ, ಅಂದರೆ ಗ್ರೇನ್ ಕೂಡ ಜೊತೆಗೇ ಹಿಗ್ಗುತ್ತದೆ. ಗೋಡೆಗೆ ತೂಗುಹಾಕುವ ಫೋಟೋವನ್ನು ಯಾರೂ ಮೂಗು ತಾಗಿಸಿ ನೋಡಲ್ಲ, 220 ಸಾಕು. ಅಂದಹಾಗೆ, ಫೈಲಿನ ಡಿಪಿಐ ಅಂಕಿಯನ್ನು ಸುಮ್ನೆ 300 ಅಂತ ತಿದ್ದಿದರೆ ಒಂದು ಪಿಕ್ಸೆಲ್ ಕೂಡ ಜಾಸ್ತಿ ಆಗಲ್ಲ.

ಅಳತೆ ಆಯಿತು, ಆಕಾರ ಆಯಿತು. ಉಳಿದದ್ದು ಅಕ್ಕ ಹೇಳಿದ ಮರಳು. ನಾನು ಗಿಂಪ್‌ಗೆ ಬಂದದ್ದು ಇದಕ್ಕೇ, ಒಂದು ಇಡೀ ಭಾನುವಾರ ಹೋದದ್ದೂ ಇದಕ್ಕೇ.

ಫೋಟೋ ಚಿಕ್ಕದು ಮಾಡುವಾಗ ಅಕ್ಕಪಕ್ಕದ ಹಲವು ಪಿಕ್ಸೆಲ್‌ಗಳ ಸರಾಸರಿ ತೆಗೆದು ಒಂದು ಪಿಕ್ಸೆಲ್ ಮಾಡುತ್ತಾರೆ. ಸರಾಸರಿಯಲ್ಲಿ ತರಿತರಿ ಸಮವಾಗಿಬಿಡುತ್ತದೆ. ಕ್ಯಾಮೆರಾದ ಫೋಟೋ 4000 ಎತ್ತರದಿಂದ 1200ಕ್ಕೆ ಇಳಿದಾಗ ಸುಮಾರು 11 ಪಿಕ್ಸೆಲ್ ಸೇರಿ ಒಂದಾಗುತ್ತವೆ, ಈ ತರಿ, ಅಂದರೆ ನಾಯ್ಸ್, ಮೂರನೇ ಒಂದು ಭಾಗಕ್ಕೆ ಬೀಳುತ್ತದೆ. ಸ್ಕ್ಯಾನ್ ಇಳಿದಿರುವುದು ಸ್ವಲ್ಪ ಮಾತ್ರ, ಹಾಗಾಗಿ ಅದರ ತರಿ ಹೆಚ್ಚುಕಮ್ಮಿ ಹಾಗೇ ಉಳಿಯುತ್ತದೆ. ಮೂಲದಲ್ಲಿ ಇದ್ದ ವ್ಯತ್ಯಾಸವನ್ನು ಜೋಡಣೆಯೇ ಇನ್ನಷ್ಟು ದೊಡ್ಡದು ಮಾಡಿತು.

ಮೊದಲು ಸ್ಕ್ಯಾನನ್ನೇ ನುಣುಪು ಮಾಡಿ ನೋಡಿದೆ. ಗೋಡೆ ಚೆನ್ನಾಗಿ ಬಂತು, ಅಮ್ಮ ಮೇಣದ ಬೊಂಬೆಯಾದಳು. ಹುಬ್ಬಿನ ಕೂದಲೆಲ್ಲ ಕರಗಿ ಒಂದೇ ಗೀಟು. ಬೇಡವೇ ಬೇಡ. ಇರುವ ತರಿಯನ್ನು ತೆಗೆಯಲು ಆಗದಿದ್ದರೆ ಉಳಿದ ಮೂರಕ್ಕೆ ತರಿ ಹಾಕುವುದೇ ದಾರಿ.

ಆಗ ಮಾಡಿದ ಪೆದ್ದುತನ: ಕ್ಯಾಮೆರಾದ ಫೋಟೋ ಇನ್ನೂ 6000 ಪಿಕ್ಸೆಲ್ ಇದ್ದಾಗಲೇ ಗ್ರೇನ್ ಹಾಕಿದೆ. ಪರದೆಯಲ್ಲಿ ಸೊಗಸಾಗಿ ಕಂಡಿತು. ಆಮೇಲೆ ಜೋಡಿಸಿದರೆ ಗ್ರೇನ್ ಮಾಯ. ಮೇಲೆ ಹೇಳಿದ ಅದೇ ಸರಾಸರಿ ಅದನ್ನೂ ನುಂಗಿತ್ತು. ಗ್ರೇನ್ ಯಾವಾಗಲೂ ಕೊನೆಯಲ್ಲಿ, ಅಂತಿಮ ಅಳತೆಗೆ ತಂದ ಮೇಲೆ. ಶಾರ್ಪ್ ಮಾಡುವುದಿದ್ದರೆ ಅದಕ್ಕೂ ಮುಂಚೆ, ಇಲ್ಲದಿದ್ದರೆ ಗ್ರೇನೇ ಶಾರ್ಪ್ ಆಗಿ ಚುಚ್ಚುತ್ತದೆ.

ಗಿಂಪ್‌ನಲ್ಲಿ ಒಂದರ ಮೇಲೊಂದು ಇಡುವ ಪದರವೇ ಲೇಯರ್, ಮೇಲಿನದು ಕೆಳಗಿನದರ ಜೊತೆ ಹೇಗೆ ಬೆರೆಯಬೇಕು ಅನ್ನುವುದು ಅದರ ಮೋಡ್. Grain extract, Grain merge ಅಂತ ಎರಡು ಲೇಯರ್ ಮೋಡ್‌ಗಳಿವೆ. ಸ್ಕ್ಯಾನ್‌ನ ಮೇಲೆ ಅದರದೇ ಬ್ಲರ್ ಮಾಡಿದ ಪ್ರತಿ ಇಟ್ಟು ಮೋಡನ್ನು Grain extract ಮಾಡಿದರೆ, ಚಿತ್ರ ಹೋಗಿ ಬೂದು ಬಣ್ಣದಲ್ಲಿ ಗ್ರೇನ್ ಮಾತ್ರ ಉಳಿಯುತ್ತದೆ. ಅದನ್ನು ಬೇರೆ ಫೋಟೋ ಮೇಲೆ Grain merge ಮೋಡ್‌ನಲ್ಲಿ ಇಟ್ಟರೆ ಅದೇ ಗ್ರೇನ್ ಅಲ್ಲಿಗೂ ಬರುತ್ತದೆ. ಅಸಲಿ ಗ್ರೇನ್ ಸಿಕ್ಕಿತು ಅಂತ ಕುಣಿದೆ. ಆದರೆ ಮುಖ, ಸೀರೆ ಇರುವ ಕಡೆ ಅಂಚುಗಳೂ ಕಿತ್ತುಕೊಂಡು ಬರುತ್ತವೆ. ಹಿಂದಿನ ಗೋಡೆಯಲ್ಲಿ ಖಾಲಿ ಜಾಗ ಸಿಕ್ಕಿದ್ದು 200x200 ಅಷ್ಟೇ. ಅದನ್ನು 1800x1200 ಫೋಟೋ ಮೇಲೆ ಹೆಂಚಿನಂತೆ ಹಾಸಿದೆ. ಆ ಚೂರಿನಲ್ಲಿ ಕೂದಲೆಳೆಯಷ್ಟು ಒಂದು ಗೀರು ಇತ್ತು. ಈಗ ಅದು 54 ಸಲ, ಕವಾಯತಿಗೆ ನಿಂತಂತೆ ಸಾಲಾಗಿ. ಸ್ಕ್ಯಾನ್‌ನಲ್ಲಿ ದೊಡ್ಡ ಖಾಲಿ ಜಾಗ ಇರುವವರಿಗೆ ಈ ದಾರಿ ನಡೆಯುತ್ತದೆ, ನನಗೆ ನಡೆಯಲಿಲ್ಲ.

ಕೊನೆಗೆ ಗ್ರೇನನ್ನು ನಾನೇ ಮಾಡಿದೆ. ಮೊದಲು ಅಳೆದೆ. ಜೋಡಿಸಿದ out.png ತೆರೆದು, ಸ್ಕ್ಯಾನ್‌ನ ಗೋಡೆಯ ಮೇಲೆ ಚಿಕ್ಕ ಚೌಕ ಸೆಲೆಕ್ಟ್ ಮಾಡಿ, ಹಿಸ್ಟೋಗ್ರಾಂ ಕಿಟಕಿಯಲ್ಲಿ Luminance ಆರಿಸಿ, ಪಿಕ್ಸೆಲ್‌ಗಳ ಬೆಳಕು ಸರಾಸರಿಯಿಂದ ಎಷ್ಟು ಏರಿಳಿಯುತ್ತದೆ ಅಂತ ಹೇಳುವ Std Dev ಓದಿದೆ: 8. ಕ್ಯಾಮೆರಾದ ಫೋಟೋದ ಆಕಾಶದಲ್ಲಿ 1.2. ಉಳಿದೆರಡೂ ಅದರ ಆಸುಪಾಸು. ಅಕ್ಕನ ಮರಳಿನ ಅಳತೆ ಇದೇ. ಚೌಕದೊಳಗೆ ನೆರಳು, ಅಂಚು ಏನೂ ಇರಬಾರದು, ಇದ್ದರೆ ಅಂಕಿ ಸುಳ್ಳು ಹೇಳುತ್ತದೆ.

ಆಮೇಲೆ ಇಡೀ ಚಿತ್ರದ ಮೇಲೆ ಒಂದು ಹೊಸ ಲೇಯರ್, ಬಣ್ಣ 808080, ಮೋಡ್ Grain merge. ಈ ಬೂದು ಮಾತ್ರ ಇದ್ದರೆ ಕೆಳಗಿನ ಚಿತ್ರ ಬದಲಾಗಲ್ಲ, ಅದರ ಮೇಲಿನ ಏರಿಳಿತ ಮಾತ್ರ ಇಳಿಯುತ್ತದೆ. ಅದಕ್ಕೆ RGB Noise ಹಾಕಿದೆ, Independent RGB ಗುರುತು ತೆಗೆದು. ತೆಗೆಯದಿದ್ದರೆ ಕೆಂಪು, ಹಸಿರು ಚುಕ್ಕೆ ಚೆಲ್ಲಿದಂತಾಗುತ್ತದೆ. ಕೊನೆಗೆ ಎಡ ಮೂಲೆಯ 840x1200 ಜಾಗವನ್ನು ಆ ಲೇಯರಿನಿಂದ ಅಳಿಸಿದೆ, ಅಲ್ಲಿ ಸ್ಕ್ಯಾನ್ ಇದೆ, ಅದಕ್ಕೆ ಬೇಡ.

ಅಂಕಿ ಹೊಂದಿಸಿದರೂ ಕಣ್ಣಿಗೆ ಹೊಂದಲಿಲ್ಲ! ಹತ್ತಿರಕ್ಕೆ ಎಳೆದು ನೋಡಿದಾಗ ಗೊತ್ತಾಯಿತು. ನಾನು ಹಾಕಿದ್ದು ಒಂದೊಂದೇ ಪಿಕ್ಸೆಲ್‌ನ ಚುಕ್ಕೆ, ಸ್ಕ್ಯಾನ್‌ನಲ್ಲಿ ಇರುವುದು ಎರಡು ಮೂರು ಪಿಕ್ಸೆಲ್‌ನ ಮೆತ್ತನೆ ಗಂಟು. ಗ್ರೇನ್ ಲೇಯರಿಗೆ 0.7 ಪಿಕ್ಸೆಲ್ ಗಾಸಿಯನ್ ಬ್ಲರ್ ಕೊಟ್ಟೆ. ಗಂಟು ಸರಿಹೋಯಿತು, ಆದರೆ ಬ್ಲರ್ ಅಂದರೆ ಮತ್ತೆ ಸರಾಸರಿ ಅಲ್ವಾ, ಅಂಕಿ ಅರ್ಧಕ್ಕಿಂತ ಕೆಳಗೆ ಬಿತ್ತು. ಹಾಗಾಗಿ ಮೊದಲೇ ಜೋರಾಗಿ ಹಾಕಬೇಕು. ಲೇಯರ್‌ನ Std Dev 13 ಬರುವಷ್ಟು ನಾಯ್ಸ್ ಹಾಕಿ ಬ್ಲರ್ ಮಾಡಿದರೆ 5ರ ಹತ್ತಿರ ನಿಲ್ಲುತ್ತದೆ. ಇನ್ನೊಂದು ಗೊಂದಲ: ಹಿಸ್ಟೋಗ್ರಾಂ ತೋರಿಸುವುದು ಆಗ ಆರಿಸಿರುವ ಲೇಯರಿನ ಲೆಕ್ಕ ಮಾತ್ರ. ಎಲ್ಲ ಸೇರಿದ ಮೇಲೆ ಎಷ್ಟು ಅಂತ ನೋಡಲು New from Visible ಮಾಡಿಕೊಂಡು ಅದನ್ನು ಅಳೆಯಬೇಕು.

8ಕ್ಕೆ 8 ಹೊಂದಿಸಲು ಹೋಗಲಿಲ್ಲ. ಇತ್ತೀಚಿನ ಫೋಟೋಗಳಲ್ಲಿ ಅಷ್ಟು ಗ್ರೇನ್ ನಾಟಕದಂತೆ ಕಂಡಿತು. 3 ಹಾಕಿ ಒಂದು ಚಿಕ್ಕ ತುಂಡು ಪ್ರಿಂಟ್ ತೆಗೆಸಿದೆ, ಏನೂ ಕಾಣಲಿಲ್ಲ. ಈ ಅಳತೆಯ ಪ್ರಿಂಟ್‌ನಲ್ಲಿ ಎರಡು ಪಿಕ್ಸೆಲ್ ಅಂದರೆ ಕಾಲು ಮಿಲಿಮೀಟರ್ ಕೂಡ ಇಲ್ಲ. 5ಕ್ಕೆ ನಿಲ್ಲಿಸಿದೆ. ಪರದೆಯಲ್ಲಿ ಜಾಸ್ತಿ ಆಯ್ತೇನೋ ಅನಿಸಿತು, ಪ್ರಿಂಟ್‌ನಲ್ಲಿ ಸರಿಯಾಗಿ ಕೂತಿತು. ಫೈಲ್ ಕಳಿಸುವಾಗ ಜೆಪೆಗ್ ಗುಣಮಟ್ಟ 95 ಇಟ್ಟೆ, ಕಡಿಮೆ ಇಟ್ಟರೆ ಮೊದಲು ಸಾಯುವುದೇ ಗ್ರೇನ್.

ಮೆಸೇಜಿನ ಫೋಟೋದಲ್ಲಿ ಜೆಪೆಗ್‌ನ ಚೌಕಚೌಕ ಕಲೆಗಳೂ ಇದರಡಿ ಸ್ವಲ್ಪ ಮರೆಯಾದವು. ಹೋದ ವಿವರ ಮಾತ್ರ ವಾಪಸ್ ಬರಲಿಲ್ಲ, ಹತ್ತಿರ ಹೋದರೆ ಅಮ್ಮನ ಹಲ್ಲುಗಳೆಲ್ಲ ಇವತ್ತಿಗೂ ಒಂದೇ ಬಿಳಿ ಪಟ್ಟಿ.

ಗಿಂಪ್, ಇಮೇಜ್‌ಮ್ಯಾಜಿಕ್ ಎರಡೂ ಉಚಿತ. ತಿಂಗಳು ತಿಂಗಳು ದುಡ್ಡು ಕಟ್ಟುವ ಸಾಫ್ಟ್‌ವೇರ್ ನನಗೆ ಆಗಿಬರಲ್ಲ, ವರ್ಷಕ್ಕೆ ಮೂರು ನಾಲ್ಕು ಸಲ ಮಾಡುವ ಕೆಲಸ ಇದು. ಈಗ ಜೋಡಿಸುವುದನ್ನು ಮೇಲಿನ ಕಮಾಂಡಿಗೆ ಬಿಟ್ಟಿದ್ದೇನೆ, ಲೇಯರ್‌ಗಳನ್ನು ಕೈಯಲ್ಲಿ ಎಳೆದಾಡುವ ತಾಳ್ಮೆ ನನಗಿಲ್ಲ. ಗ್ರೇನ್ ಮಾತ್ರ ಗಿಂಪ್‌ನಲ್ಲೇ, ಕಣ್ಣಲ್ಲಿ ನೋಡಿಕೊಂಡು. ಆ್ಯಪ್ ಇನ್ನೂ ಫೋನಿನಲ್ಲಿದೆ. ಎಲ್ಲ ಫೋಟೋಗಳೂ ಒಂದೇ ಫೋನಿನಲ್ಲಿ ಒಂದೇ ದಿನ ತೆಗೆದವಾದರೆ, ನೋಡುವುದೂ ಪರದೆಯಲ್ಲೇ ಆದರೆ, ಅದನ್ನೇ ಒತ್ತುತ್ತೇನೆ.