ಬಾಟಲಿ ಸುತ್ತುವ ಲೇಬಲ್ ಚಿತ್ರಕ್ಕೆ ಕೊಂಡ ಪ್ರಾಂಪ್ಟ್: ಬಹುಕಾಲ ಬಳಸಿದ ಮೇಲಿನ ವಿಮರ್ಶೆ

ಪದಗಳಲ್ಲಿ ಹೇಳಿದ್ದನ್ನು ಚಿತ್ರವಾಗಿಸುವ ಎಐ ಯಂತ್ರ ಮಿಡ್‌ಜರ್ನಿಗೆಂದು ಬರೆದ ರೆಡಿಮೇಡ್ ಪ್ರಾಂಪ್ಟ್ ಇದು. ದುಂಡನೆಯ ಬಾಟಲಿಗೆ ಪೂರ್ತಿ ಸುತ್ತಿದರೂ ಚಿತ್ರ ಸೊಟ್ಟಗಾಗುವುದಿಲ್ಲ ಎಂಬುದು ಮಾರುವವರ ಭರವಸೆ. ಗಾಣದ ಎಣ್ಣೆ, ಜೇನುತುಪ್ಪದ ಬಾಟಲಿಗಳಿಗೆ ಬಳಸಿ ನೋಡಿದ ಮೇಲೆ ಹೇಳುವುದಾದರೆ ಆ ಮಾತು ಅರ್ಧ ನಿಜ. ಐದರಲ್ಲಿ ಮೂರು ಸ್ಟಾರ್. ಪ್ರಾಂಪ್ಟನ್ನು ತಿದ್ದಿಕೊಂಡರೆ ನಾಲ್ಕು ಕೊಡಬಹುದು.

ಮೊದಲು ಒಂದು ವಿಷಯ ಸ್ಪಷ್ಟವಾಗಬೇಕು. ಮೇಲಿನಿಂದ ಕೆಳಗಿನವರೆಗೆ ಒಂದೇ ದಪ್ಪವಿರುವ ಬಾಟಲಿ ಯಾವ ಚಿತ್ರವನ್ನೂ ಕೆಡಿಸುವುದಿಲ್ಲ. ಅದರ ಮೈಯನ್ನು ಬಿಡಿಸಿ ಹಾಸಿದರೆ ಸಿಗುವುದು ಬರೀ ಒಂದು ಆಯತ. ಚಪ್ಪಟೆ ಕಾಗದ ಹಿಗ್ಗದೆ, ಸುಕ್ಕಾಗದೆ ಕೂರುತ್ತದೆ. ಸೊಟ್ಟ ಇರುವುದು ಚಿತ್ರದೊಳಗೇ. ಪ್ರಾಂಪ್ಟ್‌ನಲ್ಲಿ ಬಾಟಲಿ ಎಂಬ ಪದ ಬಂದ ಕೂಡಲೇ ಯಂತ್ರ ಬಾಟಲಿಗೆ ಅಂಟಿಸಿದ ಲೇಬಲ್‌ನ ಫೋಟೋವನ್ನು ಊಹಿಸಿಕೊಳ್ಳುತ್ತದೆ. ಅಂಚಿನ ಗೆರೆ ನಡುವಿನಲ್ಲಿ ಬಾಗುತ್ತದೆ, ಎಡಬಲದ ತುದಿಗಳಲ್ಲಿ ನೆರಳು ಕೂರುತ್ತದೆ. ಅದನ್ನು ಮುದ್ರಿಸಿ ಮತ್ತೆ ಬಾಟಲಿಗೆ ಸುತ್ತಿದರೆ ಬಾಗಿದ್ದೇ ಇನ್ನೊಮ್ಮೆ ಬಾಗಿದಂತಾಗುತ್ತದೆ.

ಮಾರಾಟದ ಪ್ರಾಂಪ್ಟ್ ಎಡವುವುದು ಇಲ್ಲೇ. ಅದರಲ್ಲಿ `wraparound bottle label`, `cylindrical`, `studio lighting` ಎಂಬ ಪದಗಳೆಲ್ಲ ಇವೆ. ಹೀಗೆ ಬಾಟಲಿಯನ್ನು ಕರೆದು ಕೂರಿಸಿ, ಕೊನೆಯಲ್ಲಿ `--no distortion` ಎಂದರೆ ಏನೂ ಆಗದು. `--no` ಎಂಬುದು ಕಾಣುವ ವಸ್ತುಗಳನ್ನು ದೂರವಿಡಲು ಒದಗುತ್ತದೆ. ಸೊಟ್ಟ ಎಂಬ ಗುಣವನ್ನು ಅದು ಹಿಡಿಯಲಾರದು. ಆ ಮೂರನ್ನೂ ತೆಗೆದು, ಬಾಟಲಿಯನ್ನು ನಿಷೇಧದ ಪಟ್ಟಿಗೆ ಸೇರಿಸಿದರೆ ಫಲಿತಾಂಶ ಎದ್ದು ಕಾಣುವಷ್ಟು ಸುಧಾರಿಸುತ್ತದೆ. ಕಡಲೆಕಾಯಿ ಎಣ್ಣೆಯ ಲೇಬಲ್‌ಗೆ ತಿದ್ದಿದ ರೂಪ ಇದು:

```
flat printed pattern, straight-on orthographic view,
edge to edge, groundnut vines and pods,
two-color linocut, even cream background
--tile --ar 17:8
--no bottle, jar, mockup, shadow, highlight, text
```

`--ar` ಎಂದರೆ ಚಿತ್ರದ ಅಗಲಕ್ಕೂ ಎತ್ತರಕ್ಕೂ ಇರುವ ಅನುಪಾತ. ಅದು 17:8 ಎಲ್ಲಿಂದ ಬಂತು ಎಂಬುದೇ ಈ ಕೆಲಸದ ತಿರುಳು. ಮಾರುವವರು ಎಲ್ಲ ಬಾಟಲಿಗೂ 3:1 ಎಂದು ಬರೆದಿಟ್ಟಿದ್ದಾರೆ, ಅದನ್ನು ನಂಬಬೇಡಿ. 65 ಮಿ.ಮೀ. ವ್ಯಾಸದ ಅರ್ಧ ಲೀಟರ್ ಬಾಟಲಿಯನ್ನು ತೆಗೆದುಕೊಳ್ಳಿ. ಕಾಗದದ ಪಟ್ಟಿ ಸುತ್ತಿ ಅಳೆದರೆ ಸುತ್ತಳತೆ ಸುಮಾರು 204 ಮಿ.ಮೀ. ಬರುತ್ತದೆ. ಲೇಬಲ್ ಎತ್ತರ 90 ಇಟ್ಟು, ಕತ್ತರಿಸುವಾಗಿನ ಹೆಚ್ಚುಕಡಿಮೆಗೆ ಮೇಲೆ ಕೆಳಗೆ 3 ಮಿ.ಮೀ. ಬ್ಲೀಡ್ ಕೊಟ್ಟರೆ 96 ಆಯಿತು. 204ಕ್ಕೆ 96 ಎಂದರೆ 17ಕ್ಕೆ 8. ಆದರೆ ಮುದ್ರಣದ ಲೇಬಲ್ ಉದ್ದ 204 ಅಲ್ಲ. ಅಂಟಿಸುವಾಗ ಒಂದರ ಮೇಲೊಂದು ಕೂರಲು 6 ಮಿ.ಮೀ. ಬೇಕು, ಹಾಗಾಗಿ 210. ಎರಡೂ ತುದಿಯ ಬ್ಲೀಡ್ ಸೇರಿದರೆ 216.

ಹಾಗಾದರೆ ಚಿತ್ರವನ್ನೇ 216ಕ್ಕೆ ಮಾಡಿಸಿದರಾಗದೇ? ಆಗದು. `--tile` ಹಾಕಿದಾಗ ಚಿತ್ರದ ಬಲ ಅಂಚು ಎಡ ಅಂಚಿಗೆ ಕೂಡಿಕೊಳ್ಳುತ್ತದೆ. ಆ ಕೂಡುವಿಕೆ ಬಾಟಲಿಯ ಮೇಲೂ ಉಳಿಯಬೇಕಾದರೆ ವಿನ್ಯಾಸ ಸರಿಯಾಗಿ ಒಂದು ಸುತ್ತಿಗೆ, ಅಂದರೆ 204ಕ್ಕೆ ಮುಗಿಯಬೇಕು. 210ಕ್ಕೆ ಎಳೆದರೂ ಸಾಕು, ಎರಡು ತುದಿ ಸೇರುವ ಹೊಲಿಗೆಯ ಜಾಗದಲ್ಲಿ ಬಳ್ಳಿ 6 ಮಿ.ಮೀ. ಜಿಗಿಯುತ್ತದೆ. 204ರ ಚಿತ್ರವನ್ನು ಇಟ್ಟು, ಅದರ ಬಲಕ್ಕೆ ಎಡತುದಿಯ 9 ಮಿ.ಮೀ. ಭಾಗವನ್ನು ನಕಲಿಸಿ ಅಂಟಿಸಿ (ಮೇಲೆ ಕೂರುವ 6, ಬ್ಲೀಡ್‌ನ 3). ಎಡಕ್ಕೆ ಬಲತುದಿಯ 3 ಮಿ.ಮೀ. ಸೇರಿಸಿ. 300 ಡಿಪಿಐಗೆ 204 ಮಿ.ಮೀ. ಎಂದರೆ ಸುಮಾರು 2410 ಪಿಕ್ಸೆಲ್. ಚಿತ್ರ ಅದಕ್ಕಿಂತ ಚಿಕ್ಕದಾಗಿ ಬಂದಿದ್ದರೆ ಮೊದಲು ಅಪ್‌ಸ್ಕೇಲ್ ಮಾಡಿ, ಆಮೇಲೆ ಕತ್ತರಿಸಿ ಜೋಡಿಸಿ.

ಕೂಡುವಿಕೆ ನಿಜವಾಗಿ ಬಂದಿದೆಯೇ ಎಂದು ತಿಳಿಯಲು ಫೋಟೋಶಾಪ್ ಅಥವಾ ಗಿಂಪ್‌ನಲ್ಲಿ ಆಫ್‌ಸೆಟ್ ಬಳಸಿ ಚಿತ್ರವನ್ನು ಅರ್ಧ ಅಗಲದಷ್ಟು ಸರಿಸಿ, ಹೊರಗೆ ಹೋದದ್ದು ಇನ್ನೊಂದು ಕಡೆಯಿಂದ ಒಳಬರುವಂತೆ ಇಡಿ. ಹೊಲಿಗೆ ನಡುವಿಗೆ ಬಂದು ನಿಲ್ಲುತ್ತದೆ. ಅದೇ ಪ್ರತಿಯನ್ನು ಕಪ್ಪುಬಿಳುಪಾಗಿಸಿ ಕಾಂಟ್ರಾಸ್ಟ್ ಏರಿಸಿದರೆ ಕಣ್ಣಿಗೆ ಬೀಳದ ನೆರಳೂ ಬಯಲಾಗುತ್ತದೆ. ತುದಿಗಳು ಮಬ್ಬಾಗಿದ್ದರೆ ಯಂತ್ರದ ತಲೆಯಲ್ಲಿ ಬಾಟಲಿ ಇನ್ನೂ ಇದೆ ಎಂದರ್ಥ. ಬಣ್ಣ ಸರಿಪಡಿಸುತ್ತ ಕೂರುವುದಕ್ಕಿಂತ ಮತ್ತೊಮ್ಮೆ ಮಾಡಿಸುವುದೇ ಲೇಸು.

ಇನ್ನು ನಡುವಿನ ಲಾಂಛನ. ಮೂಲ ಪ್ರಾಂಪ್ಟ್ ಅದನ್ನೂ ಹಿನ್ನೆಲೆಯನ್ನೂ ಒಂದೇ ಚಿತ್ರದಲ್ಲಿ ಕೇಳುತ್ತದೆ. `--tile` ಇದ್ದಾಗ ಲಾಂಛನ ಒಂದೇ ಕಡೆ ನಿಲ್ಲದೆ ವಿನ್ಯಾಸದೊಳಗೆ ಹಂಚಿಹೋಗುವುದೇ ಹೆಚ್ಚು. ಬೇರೆಯಾಗಿ ಮಾಡಿಸಿ ಮೇಲಿಡಿ. ಆಗ ಅಳತೆಯೂ ನಿಮ್ಮ ಕೈಯಲ್ಲಿರುತ್ತದೆ, ಅಳತೆಯೇ ಇಲ್ಲಿ ಮುಖ್ಯ. 65ರ ಬಾಟಲಿಯ ಮೇಲೆ 60 ಮಿ.ಮೀ. ವೃತ್ತ ಇಟ್ಟರೆ ಅದರ ಬದಿಗಳು ಕಣ್ಣಿನಿಂದ ಆಚೆ ತಿರುಗುತ್ತವೆ. ಎದುರಿನಿಂದ ಅದು 60 ಎತ್ತರ, ಸುಮಾರು 52 ಅಗಲದ ಮೊಟ್ಟೆಯಾಗಿ ಕಾಣುತ್ತದೆ. ಅದೇ 40ರ ವೃತ್ತ ಸುಮಾರು 37.5 ಅಗಲವಾಗಿ ಕಂಡರೂ ಯಾರಿಗೂ ಗೊತ್ತಾಗದು. ಮೊಟ್ಟೆಯಾಗದಿರಲೆಂದು ವೃತ್ತವನ್ನು ಮೊದಲೇ ಅಡ್ಡಕ್ಕೆ ಎಳೆದಿಡುವವರಿದ್ದಾರೆ. ಬಾಟಲಿ ತುಸು ತಿರುಗಿದರೂ ಆ ಉಪಾಯ ಕೈಕೊಡುತ್ತದೆ. ಸುತ್ತಳತೆಯ ಐದನೇ ಒಂದು ಭಾಗ ದಾಟದಿರುವುದೇ ಸರಿಯಾದ ದಾರಿ.

ಅಕ್ಷರಗಳನ್ನು ಯಂತ್ರಕ್ಕೆ ಬಿಡಲೇಬಾರದು. ಕನ್ನಡದ ಒತ್ತಕ್ಷರಗಳು ಗೀಚಿದಂತೆ ಬರುತ್ತವೆ. ಹೆಸರು, ನಿವ್ವಳ ತೂಕ, ಎಫ್‌ಎಸ್‌ಎಸ್‌ಎಐ ಪರವಾನಗಿ ಸಂಖ್ಯೆ ಎಲ್ಲವನ್ನೂ ಇಂಕ್‌ಸ್ಕೇಪ್‌ನಂಥ ತಂತ್ರಾಂಶದಲ್ಲಿ ಟೈಪ್ ಮಾಡಿ. ಹೆಸರು ನಡುವಿನ 50 ಮಿ.ಮೀ. ಒಳಗೇ ಮುಗಿಯಲಿ. ಅದರಾಚೆಗೆ ಅಕ್ಷರದ ಅಗಲ ಎಪ್ಪತ್ತು ಶೇಕಡಾಕ್ಕಿಂತ ಕಡಿಮೆಯಾಗಿ ಕಾಣುತ್ತದೆ. ಬಾರ್‌ಕೋಡನ್ನು ಗೆರೆಗಳು ಅಡ್ಡ ಮಲಗುವಂತೆ ತಿರುಗಿಸಿಡಿ.

ಮುದ್ರಣಕ್ಕೆ ಕಳಿಸುವ ಮೊದಲು ಎ4 ಹಾಳೆಯನ್ನು ಅಡ್ಡ ಇಟ್ಟು ಒಂದು ಪ್ರತಿ ತೆಗೆದು ಸುತ್ತಿ ನೋಡಿ. ಪ್ರಿಂಟರ್ ಸೆಟ್ಟಿಂಗ್‌ನಲ್ಲಿ 100 ಶೇಕಡಾ ಇರಲಿ. ಪುಟಕ್ಕೆ ಹೊಂದಿಸುವ ಆಯ್ಕೆ ಆನ್ ಆಗಿಯೇ ಉಳಿದು 3 ಶೇಕಡಾ ಕುಗ್ಗಿದರೂ ಸಾಕು, ಒಂದರ ಮೇಲೊಂದು ಕೂರಬೇಕಾದ ಆ 6 ಮಿ.ಮೀ. ಅಲ್ಲೇ ಮಾಯ. ಪಾಪ, ಬೈಗುಳ ತಿನ್ನುವುದು ಮಾತ್ರ ಲೇಬಲ್ ಅಳತೆ.

ಇಳಿಜಾರು ಮೈಯ ಬಾಟಲಿಗೂ ಇದು ಆಗುತ್ತದೆ ಎಂದು ಮಾರುವವರು ಹೇಳುವುದು ಮಾತ್ರ ಶುದ್ಧ ಸುಳ್ಳು. ಲೇಬಲ್ ಕೂರುವ 90 ಮಿ.ಮೀ. ಇಳಿಜಾರಿನಲ್ಲಿ ವ್ಯಾಸ ಒಂದು ತುದಿಗೆ 70, ಇನ್ನೊಂದಕ್ಕೆ 66 ಇದ್ದರೆ, ಬಿಡಿಸಿದ ಮೈ ಆಯತವಲ್ಲ, ಕಮಾನು. ಹೊರ ಅಂಚಿನ ತ್ರಿಜ್ಯ 90 × 70 ÷ 4, ಅಂದರೆ 1575 ಮಿ.ಮೀ., ಕಮಾನಿನ ಕೋನ 8 ಡಿಗ್ರಿ. ನೇರ ಲೇಬಲ್ ಅಂಟಿಸಿದರೆ ಮುಂಭಾಗಕ್ಕೂ ಹಿಂದಿನ ಹೊಲಿಗೆಗೂ ಸುಮಾರು 4 ಮಿ.ಮೀ. ಏರುಪೇರಾಗಿ, ಎರಡು ತುದಿಗಳು ಓರೆಯಾಗಿ ಸೇರುತ್ತವೆ. ಯಾವ ಪ್ರಾಂಪ್ಟೂ ಈ ಕಮಾನನ್ನು ಅಳತೆಗೆ ಸರಿಯಾಗಿ ಬರೆದುಕೊಡದು. ಚಪ್ಪಟೆ ಚಿತ್ರ ಮಾಡಿಸಿ, ಮುದ್ರಣಾಲಯದವರು ಕೊಡುವ ಡೈಲೈನ್, ಅಂದರೆ ಲೇಬಲ್ ಕತ್ತರಿಸುವ ಗೆರೆಗಳ ನಕ್ಷೆಯ ಮೇಲೆ ಅದನ್ನು ಬಾಗಿಸಿ ಹೊಂದಿಸಬೇಕು. ಉಬ್ಬು ಹೊಟ್ಟೆಯ ಜೇನಿನ ಜಾಡಿಗೆ ಅದೂ ಸಾಲದು. ಅಲ್ಲಿ ಕಾಗದವೇ ಸುಕ್ಕಾಗುವುದರಿಂದ, ಸುತ್ತುವ ಆಸೆ ಬಿಟ್ಟು ಮುಂಭಾಗಕ್ಕೊಂದು ಚಿಕ್ಕ ಲೇಬಲ್ ಹಚ್ಚಿ.